ಸ್ಪ್ರಿಂಟ್ ಬೋರ್ಡ್‌ನಲ್ಲಿ ನಿಜವಾಗಿ ತಡವಾಗುವ ಕಾರ್ಡ್ ಯಾವುದು? ಕಂಡುಹಿಡಿಯುವ ಕ್ರಮ

"ಸ್ಪ್ರಿಂಟ್ ಮುಗಿಯುವ ಹಿಂದಿನ ದಿನದವರೆಗೂ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಕೊನೇ ದಿನ ಮೂರು ಕಾರ್ಡ್ ಉಳಿದುಬಿಟ್ಟವು. ಮೊದಲೇ ಗೊತ್ತಾಗುವುದು ಹೇಗೆ?" ಬೇರೆ ಬೇರೆ ಮಾತಿನಲ್ಲಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಗೊತ್ತಾಗುತ್ತದೆ. ಬೋರ್ಡ್ ಅದನ್ನು ಮೂರು ನಾಲ್ಕು ದಿನ ಮೊದಲೇ ಹೇಳುತ್ತಿರುತ್ತದೆ, ನಾವು ನೋಡುವ ಜಾಗ ತಪ್ಪಾಗಿರುತ್ತದೆ ಅಷ್ಟೆ.

ಹೊಸಬರಿಗಾಗಿ ಎರಡು ಮಾತು. ಸ್ಪ್ರಿಂಟ್ ಅಂದರೆ ತಂಡವೊಂದು ಇಷ್ಟು ಕೆಲಸ ಮುಗಿಸುತ್ತೇವೆ ಎಂದು ಹಾಕಿಕೊಳ್ಳುವ ಗೊತ್ತಾದ ಅವಧಿ, ಸಾಮಾನ್ಯವಾಗಿ ಎರಡು ವಾರ. ಬೋರ್ಡ್ ಅಂದರೆ ಆ ಕೆಲಸಗಳು ಕಾರ್ಡ್‌ಗಳಾಗಿ ಎಡದಿಂದ ಬಲಕ್ಕೆ ಸಾಗುವ ಹಲಗೆ. ಇಲ್ಲಿ ಐದು ಕಾಲಂ ಇಟ್ಟುಕೊಳ್ಳೋಣ: ಟು ಡೂ, ಇನ್ ಪ್ರೋಗ್ರೆಸ್, ರಿವ್ಯೂ, ಟೆಸ್ಟಿಂಗ್, ಡನ್. ನಿಮ್ಮಲ್ಲಿ ಹೆಸರು ಬೇರೆ ಇರಬಹುದು, ತೊಂದರೆ ಇಲ್ಲ.

ಬೇಕಾಗಿರುವುದು ಮೂರೇ: ಈಗಿನ ಬೋರ್ಡ್, ಪ್ರತಿ ಕಾರ್ಡ್‌ನ ಹಿಸ್ಟರಿ (ಯಾವ ದಿನ ಯಾವ ಕಾಲಂಗೆ ಹೋಯಿತು ಎಂಬ ದಾಖಲೆ), ಮತ್ತು ಈಚೆಗೆ ಮುಗಿದ 20 ಕಾರ್ಡ್‌ಗಳ ಪಟ್ಟಿ. ಮೊದಲ ಸಲ ಒಂದು ಗಂಟೆ ಹಿಡಿಯುತ್ತದೆ. ಆಮೇಲೆ ಹತ್ತು ಹದಿನೈದು ನಿಮಿಷ ಸಾಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಹತ್ತು ಕೆಲಸದ ದಿನಗಳ ಸ್ಪ್ರಿಂಟ್. ಇವತ್ತು ಏಳನೇ ದಿನದ ಬೆಳಿಗ್ಗೆ, ಸ್ಟ್ಯಾಂಡಪ್ (ತಂಡದ ದಿನನಿತ್ಯದ ಹದಿನೈದು ನಿಮಿಷದ ಮಾತುಕತೆ) ಇನ್ನೂ ಶುರುವಾಗಿಲ್ಲ. ಒಟ್ಟು ಹತ್ತು ಕಾರ್ಡ್, ನಾಲ್ಕು ಡನ್. ಉಳಿದ ಆರು ಹೀಗಿವೆ:

- ಪಾಸ್‌ವರ್ಡ್ ರಿಸೆಟ್: ಟೆಸ್ಟಿಂಗ್‌ನಲ್ಲಿ, ನಿನ್ನೆ ಬೆಳಿಗ್ಗೆಯಿಂದ
- ಇನ್‌ವಾಯ್ಸ್ ಪಿಡಿಎಫ್: ಅದೂ ಟೆಸ್ಟಿಂಗ್‌ನಲ್ಲಿ, ಅದೂ ನಿನ್ನೆ ಬೆಳಿಗ್ಗೆಯಿಂದ
- ಸರ್ಚ್ ಫಿಲ್ಟರ್: ರಿವ್ಯೂನಲ್ಲಿ, ನಾಲ್ಕನೇ ದಿನದಿಂದ
- ಪೇಮೆಂಟ್ ಜೋಡಣೆ: ಇನ್ ಪ್ರೋಗ್ರೆಸ್, ಮೂರನೇ ದಿನದಿಂದ
- ರಿಪೋರ್ಟ್ ಎಕ್ಸ್‌ಪೋರ್ಟ್: ಇನ್ ಪ್ರೋಗ್ರೆಸ್, ನಿನ್ನೆಯಿಂದ
- ಪ್ರೊಫೈಲ್ ಫೋಟೋ: ಟು ಡೂ, ಯಾರೂ ಮುಟ್ಟಿಲ್ಲ

ಯಾವುದಕ್ಕೂ ಕೆಂಪು ಗುರುತಿಲ್ಲ. ಯಾರನ್ನಾದರೂ ಕೇಳಿದರೆ "ಪ್ರೊಫೈಲ್ ಫೋಟೋ ಇನ್ನೂ ಶುರುವೇ ಆಗಿಲ್ಲ, ಅದೇ ರಿಸ್ಕ್" ಅನ್ನುತ್ತಾರೆ. ಅದು ಎಷ್ಟು ಸರಿ ಎಂದು ಮುಂದೆ ನೋಡೋಣ.

1. ನಿಜವಾದ ಕೊನೇ ದಿನ ಯಾವುದು?

ಕ್ಯಾಲೆಂಡರ್ ಪ್ರಕಾರ ನಾಲ್ಕು ದಿನ ಉಳಿದಿವೆ: 7, 8, 9, 10. ಆದರೆ ಹತ್ತನೇ ದಿನ ಬೆಳಿಗ್ಗೆ ರಿಲೀಸ್, ಮಧ್ಯಾಹ್ನ ಡೆಮೊ. ಅವತ್ತು ಯಾರೂ ಟೆಸ್ಟ್ ಮಾಡುವುದಿಲ್ಲ. ಅಂದರೆ ಒಂಬತ್ತನೇ ದಿನದ ಸಂಜೆಗೆ ಕಾರ್ಡ್ ಡನ್ ಆಗಿರಬೇಕು. ಉಳಿದಿರುವುದು ಮೂರು ದಿನ. ಮಧ್ಯೆ ರಜೆ ಇದ್ದರೆ, ಅಥವಾ ಟೆಸ್ಟ್ ಮಾಡುವವರು ಅರ್ಧ ದಿನ ಇರುವುದಿಲ್ಲ ಅಂದರೆ ಅದನ್ನೂ ಈಗಲೇ ಕಳೆಯಿರಿ.

ಇಲ್ಲಿ ಒಂದು ದಿನ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. "ಡನ್" ಅಂದರೆ ನಿಮ್ಮಲ್ಲಿ ಏನು ಅಂತಲೂ ಕೇಳಿಕೊಳ್ಳಿ. ಕೋಡ್ ಬರೆದು ಮುಗಿಸಿದ್ದೋ, ಟೆಸ್ಟ್ ಆಗಿದ್ದೋ, ರಿಲೀಸ್ ಆಗಿದ್ದೋ? ಒಂದೇ ತಂಡದಲ್ಲಿ ಇಬ್ಬರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

2. ಹಳೇ 20 ಕಾರ್ಡ್‌ಗಳಿಂದ ಅಳತೆಗೋಲು ಮಾಡಿಕೊಳ್ಳಿ

ಈಚೆಗೆ ಮುಗಿದ 20 ಕಾರ್ಡ್ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಇನ್ ಪ್ರೋಗ್ರೆಸ್‌ಗೆ ಬಂದ ದಿನದಿಂದ ಡನ್ ಆದ ದಿನದವರೆಗೆ ಎಷ್ಟು ಕೆಲಸದ ದಿನ ಹಿಡಿಯಿತು ಎಂದು ಬರೆಯಿರಿ. ಇದಕ್ಕೆ ಸೈಕಲ್ ಟೈಮ್ ಅನ್ನುತ್ತಾರೆ. ಈಗ ಆ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ. ಹತ್ತನೇ ಸಂಖ್ಯೆ ನೋಡಿ, ಹದಿನೇಳನೇ ಸಂಖ್ಯೆ ನೋಡಿ. ಅಷ್ಟೇ.

ಹತ್ತನೆಯದು "ಅರ್ಧದಷ್ಟು ಕಾರ್ಡ್ ಇಷ್ಟರೊಳಗೆ ಮುಗಿದವು" ಎಂದು ಹೇಳುತ್ತದೆ. ಹದಿನೇಳನೆಯದು "20ರಲ್ಲಿ 17, ಅಂದರೆ 85 ಶೇಕಡಾ ಕಾರ್ಡ್ ಇಷ್ಟರೊಳಗೆ ಮುಗಿದವು" ಎಂದು ಹೇಳುತ್ತದೆ. ನಮ್ಮ ಉದಾಹರಣೆಯ ತಂಡದಲ್ಲಿ ಹತ್ತನೆಯದು 3 ದಿನ, ಹದಿನೇಳನೆಯದು 6 ದಿನ ಎಂದು ಇಟ್ಟುಕೊಳ್ಳಿ.

ಇದೇ ರೀತಿ ಟೆಸ್ಟಿಂಗ್‌ಗೆ ಬಂದ ಮೇಲೆ ಎಷ್ಟು ದಿನ ಅಂತಲೂ ಒಂದು ಸಾಲು ಮಾಡಿ. ಇಲ್ಲಿ ಹತ್ತನೆಯದು 1 ದಿನ, ಹದಿನೇಳನೆಯದು 2 ದಿನ.

ಸರಾಸರಿ ಯಾಕೆ ಬೇಡ ಅಂದರೆ, ಒಂದೇ ಒಂದು ಕಾರ್ಡ್ 19 ದಿನ ಎಳೆದಿದ್ದರೆ ಸರಾಸರಿ ಎತ್ತಲೋ ಹೋಗಿಬಿಡುತ್ತದೆ. ಸ್ಟೋರಿ ಪಾಯಿಂಟ್ (ಕೆಲಸದ ಗಾತ್ರಕ್ಕೆ ತಂಡ ಅಂದಾಜಿನಲ್ಲಿ ಕೊಡುವ ಅಂಕ) ಕೂಡ ಇಲ್ಲಿ ಬೇಡ. ಎರಡು ಪಾಯಿಂಟಿನ ಕಾರ್ಡ್ ರಿವ್ಯೂನಲ್ಲಿ ನಾಲ್ಕು ದಿನ ಕಾದರೆ ಪಾಯಿಂಟ್‌ಗೆ ಅದು ಗೊತ್ತಾಗುವುದಿಲ್ಲ, ದಿನಕ್ಕೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. 20 ಕಾರ್ಡ್ ಅಂದರೆ ಸಣ್ಣ ಲೆಕ್ಕ. ತಂಡದಲ್ಲಿ ಮೊನ್ನೆ ಇಬ್ಬರು ಬದಲಾಗಿದ್ದರೆ ಹಳೇ ಸಂಖ್ಯೆಗೆ ಜಾಸ್ತಿ ಬೆಲೆ ಕೊಡಬೇಡಿ.

3. ಬೋರ್ಡನ್ನು ಬಲದಿಂದ ಎಡಕ್ಕೆ ಓದಿ, ಕಾಲಂಗಿಂತ ವಯಸ್ಸು ನೋಡಿ

ಕಣ್ಣು ಸಹಜವಾಗಿ ಎಡಗಡೆಯಿಂದ ಶುರು ಮಾಡುತ್ತದೆ, ಟು ಡೂ ಕಾಲಂನಲ್ಲಿ ಎಷ್ಟು ಬಾಕಿ ಇದೆ ಎಂದು ಎಣಿಸುತ್ತದೆ. ಅದನ್ನು ತಿರುಗಿಸಿ. ಡನ್‌ಗೆ ಹತ್ತಿರ ಇರುವ ಕಾರ್ಡ್‌ನಿಂದ ಶುರು ಮಾಡಿ, ಪ್ರತಿಯೊಂದಕ್ಕೂ ವಯಸ್ಸು ಬರೆಯಿರಿ. ವಯಸ್ಸು ಅಂದರೆ ಕೆಲಸ ಶುರುವಾಗಿ ಎಷ್ಟು ದಿನವಾಯಿತು ಅನ್ನುವುದು, ಈಗಿನ ಕಾಲಂಗೆ ಬಂದು ಎಷ್ಟು ದಿನವಾಯಿತು ಅನ್ನುವುದಲ್ಲ. ಇವೆರಡನ್ನು ಬೆರೆಸುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಪಾಸ್‌ವರ್ಡ್ ರಿಸೆಟ್ ಮತ್ತು ಇನ್‌ವಾಯ್ಸ್ ಪಿಡಿಎಫ್ ಬೋರ್ಡ್ ಮೇಲೆ ಅವಳಿಗಳ ಹಾಗೆ ಕಾಣುತ್ತವೆ. ಅದೇ ಕಾಲಂ, ಅದೇ ಒಂದು ದಿನ. ಈಗ ಹಿಸ್ಟರಿ ತೆಗೆಯಿರಿ. ಪಾಸ್‌ವರ್ಡ್ ರಿಸೆಟ್ ನಾಲ್ಕನೇ ದಿನ ಶುರುವಾಗಿ, ರಿವ್ಯೂ ದಾಟಿ, ನಿನ್ನೆ ಟೆಸ್ಟಿಂಗ್‌ಗೆ ಬಂದಿದೆ. ವಯಸ್ಸು 3 ದಿನ. ಮಾಮೂಲು.

ಇನ್‌ವಾಯ್ಸ್ ಪಿಡಿಎಫ್ ಶುರುವಾಗಿದ್ದು ಮೊದಲನೇ ದಿನವೇ. ನಾಲ್ಕನೇ ದಿನ ಟೆಸ್ಟಿಂಗ್‌ಗೆ ಬಂತು, ಐದನೇ ದಿನ ಬಗ್ ಸಿಕ್ಕಿ ಇನ್ ಪ್ರೋಗ್ರೆಸ್‌ಗೆ ವಾಪಸ್ ಹೋಯಿತು, ನಿನ್ನೆ ಮತ್ತೆ ಟೆಸ್ಟಿಂಗ್‌ಗೆ ಬಂತು. ವಯಸ್ಸು 6 ದಿನ, ಅಂದರೆ ಹದಿನೇಳನೇ ಸಂಖ್ಯೆಯನ್ನು ಆಗಲೇ ಮುಟ್ಟಿದೆ. 20ರಲ್ಲಿ ಮೂರೇ ಕಾರ್ಡ್ ಇದಕ್ಕಿಂತ ಜಾಸ್ತಿ ಎಳೆದಿದ್ದವು, ಇದು ಈಗ ಆ ಮೂರರ ಸಾಲಿಗೆ ಸೇರುತ್ತಿದೆ.

ಇಲ್ಲಿ ಒಂದು ಲೆಕ್ಕ ಜನರನ್ನು ಮೋಸ ಮಾಡುತ್ತದೆ. "ಆರು ದಿನದಲ್ಲಿ ಮುಗಿಯುವ ಕಾರ್ಡ್, ಐದು ದಿನ ಆಗಿದೆ, ಹಾಗಾದರೆ ಇನ್ನೊಂದೇ ದಿನ" ಎಂದು ಕಳೆಯುತ್ತಾರೆ. ಹಾಗೆ ಕಳೆಯಬಾರದು. ಸುಲಭದ ಕಾರ್ಡ್‌ಗಳೆಲ್ಲ ಆ ಹೊತ್ತಿಗೆ ಮುಗಿದು ಹೋಗಿರುತ್ತವೆ, ಐದು ದಿನವಾದರೂ ಉಳಿದಿರುವ ಕಾರ್ಡ್‌ನಲ್ಲಿ ಏನೋ ಒಂದು ಸಿಕ್ಕಿಕೊಂಡಿದೆ ಅಂತಲೇ ಅರ್ಥ. ವಯಸ್ಸು ಏರಿದಷ್ಟೂ "ಇನ್ನೇನು ಆಯ್ತು" ಅನ್ನುವ ಮಾತಿನ ಬೆಲೆ ಇಳಿಯುತ್ತದೆ.

ನೀವು ಜಿರಾ ಬಳಸುತ್ತಿದ್ದರೆ ವಾಪಸ್ ಹೋದ ಕಾರ್ಡ್‌ಗಳನ್ನು ಹೀಗೆ ಹುಡುಕಬಹುದು. ಕಾಲಂ ಹೆಸರಲ್ಲ, ನಿಮ್ಮ ಸ್ಟೇಟಸ್ ಹೆಸರು ಏನಿದೆಯೋ ಅದನ್ನು ಹಾಕಿ:

```
sprint in openSprints() AND status changed FROM "Testing" TO "In Progress"
```

ಮೂರು ದಿನದಿಂದ ಜಾಗ ಬಿಟ್ಟು ಅಲುಗಾಡದ ಕಾರ್ಡ್‌ಗಳಿಗೆ ಇದು:

```
sprint in openSprints() AND statusCategory = "In Progress" AND NOT status changed AFTER -3d
```

ಇಲ್ಲಿ `-3d` ಅಂದರೆ ಕ್ಯಾಲೆಂಡರ್ ದಿನ, ಶನಿವಾರ ಭಾನುವಾರವೂ ಸೇರುತ್ತದೆ. ಸೋಮವಾರ ಬೆಳಿಗ್ಗೆ ಇದನ್ನು ಓಡಿಸಿ ಗಾಬರಿಯಾಗಬೇಡಿ.

4. ಕೆಲಸ ನಡೀತಿದೆಯೋ, ಕಾಯ್ತಾ ಇದೆಯೋ?

ಕಾರ್ಡ್ "ಇನ್ ಪ್ರೋಗ್ರೆಸ್" ಕಾಲಂನಲ್ಲಿದೆ ಎಂದ ಮಾತ್ರಕ್ಕೆ ಯಾರೋ ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ ಎಂದಲ್ಲ. ಕಾರ್ಡ್ ತೆರೆದು ಕೊನೆಯ ಕಾಮೆಂಟ್ ಯಾವತ್ತಿನದು, ಕೋಡ್‌ನಲ್ಲಿ ಕೊನೆಯ ಬದಲಾವಣೆ ಯಾವತ್ತಿನದು ಎಂದು ನೋಡಿ. ಎರಡು ನಿಮಿಷದ ಕೆಲಸ.

ಪೇಮೆಂಟ್ ಜೋಡಣೆ ತೆರೆದರೆ ನಾಲ್ಕನೇ ದಿನದ ಒಂದು ಕಾಮೆಂಟ್ ಸಿಗುತ್ತದೆ: "ಟೆಸ್ಟ್ ಅಕೌಂಟ್ ಕೇಳಿದ್ದೇನೆ, ಕಾಯುತ್ತಿದ್ದೇನೆ." ಅದಾದ ಮೇಲೆ ಏನೂ ಇಲ್ಲ. ಕೋಡ್ ಬದಲಾವಣೆಯೂ ಅವತ್ತಿಗೇ ನಿಂತಿದೆ. ಇದನ್ನು ಬ್ಲಾಕ್ಡ್ ಅನ್ನುತ್ತಾರೆ, ಅಂದರೆ ಬೇರೆಯವರಿಂದ ಏನೋ ಬರುವವರೆಗೆ ಮುಂದೆ ಹೋಗಲಾರದ ಸ್ಥಿತಿ. ಬೋರ್ಡ್‌ನಲ್ಲಿ ಅದಕ್ಕೆ ಗುರುತು ಹಾಕುವ ಸೌಲಭ್ಯ ಇದೆ, ಆದರೆ ಯಾರೂ ಹಾಕಿಲ್ಲ. ಹಾಕದಿರುವುದಕ್ಕೆ ಕಾರಣವೂ ಸಹಜವೇ: ಕೆಂಪು ಗುರುತು ಹಾಕಿದರೆ ತಾನೇ ಸೋತೆ ಎಂದು ಒಪ್ಪಿಕೊಂಡ ಹಾಗೆ ಅನ್ನಿಸುತ್ತದೆ, "ಇವತ್ತು ಬಂದುಬಿಡುತ್ತೆ" ಎಂದು ದಿನ ದೂಡುತ್ತಾರೆ. ಆದ್ದರಿಂದ ಗುರುತಿಲ್ಲದ ಬೋರ್ಡನ್ನು ಆರೋಗ್ಯವಾದ ಬೋರ್ಡ್ ಎಂದುಕೊಳ್ಳಬೇಡಿ.

ಸರ್ಚ್ ಫಿಲ್ಟರ್ ಕಥೆ ಬೇರೆ. ಅದು ರಿವ್ಯೂ (ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪುವುದು) ಕಾಲಂನಲ್ಲಿ ಮೂರು ದಿನದಿಂದ ಕೂತಿದೆ. ತೆರೆದರೆ ರಿವ್ಯೂ ಮಾಡುವವರ ಹೆಸರೇ ಇಲ್ಲ. ಸುಮಾರು 900 ಸಾಲಿನ ಬದಲಾವಣೆ ನೋಡಿ ಎಲ್ಲರೂ ಸುಮ್ನೆ ಪಕ್ಕಕ್ಕೆ ಸರಿದಿದ್ದಾರೆ. ಇದೂ ಕಾಯುತ್ತಿರುವ ಕಾರ್ಡೇ. ಆದರೆ ಇದರ ಕೀಲಿ ತಂಡದೊಳಗೇ ಇದೆ, ಪೇಮೆಂಟ್‌ನ ಕೀಲಿ ಹೊರಗಿದೆ. ಒಳಗಿನ ಕಾಯುವಿಕೆಯನ್ನು ಒಬ್ಬರು ಮಧ್ಯಾಹ್ನ ಕೂತು ಮುಗಿಸಬಹುದು. ಹೊರಗಿನದಕ್ಕೆ ನಿಮ್ಮ ಕೈಯಲ್ಲಿ ದಿನಾಂಕ ಇಲ್ಲ, ಆದ್ದರಿಂದ ಎರಡಕ್ಕೂ ಒಂದೇ ಬಣ್ಣ ಹಚ್ಚಬೇಡಿ.

5. ಕೊನೇ ಬಾಗಿಲಲ್ಲಿ ಎಷ್ಟು ಹಿಡಿಸುತ್ತದೆ?

ಇದುವರೆಗೆ ಒಂದೊಂದೇ ಕಾರ್ಡ್ ನೋಡಿದೆವು. ಹಾಗೆ ನೋಡಿದರೆ ಕಾಣದ ಒಂದು ಅಪಾಯ ಇದೆ, ಹೆಚ್ಚು ಸ್ಪ್ರಿಂಟ್‌ಗಳನ್ನು ಹಾಳುಮಾಡುವುದು ಅದೇ ಎನ್ನುವುದು ನನ್ನ ಅಭಿಪ್ರಾಯ.

ಹಿಂದಿನ ಎರಡು ಸ್ಪ್ರಿಂಟ್‌ನಲ್ಲಿ ಎಷ್ಟು ಕಾರ್ಡ್ ಡನ್ ಆದವು ಎಂದು ಎಣಿಸಿ. ನಮ್ಮ ತಂಡದಲ್ಲಿ 20 ದಿನಕ್ಕೆ 20 ಕಾರ್ಡ್, ದಿನಕ್ಕೆ ಒಂದು. ಯಾಕೆ ಒಂದೇ ಅಂದರೆ ಟೆಸ್ಟ್ ಮಾಡುವವರು ಒಬ್ಬರೇ. ಕೋಡ್ ಬರೆಯುವವರು ಎಷ್ಟೇ ಬೇಗ ಬರೆದರೂ ಆ ಬಾಗಿಲಿಂದ ದಿನಕ್ಕೆ ಒಂದು ಕಾರ್ಡೇ ಆಚೆ ಹೋಗುವುದು.

ಈಗ ಲೆಕ್ಕ ಹಾಕಿ. ಉಳಿದಿರುವುದು ಮೂರು ದಿನ, ಬಾಗಿಲು ದಾಟಬೇಕಾದ ಕಾರ್ಡ್ ಆರು. ಹಾಗಾದರೆ ಸುಮಾರು ಮೂರು ಕಾರ್ಡ್ ಉಳಿದುಬಿಡುತ್ತವೆ. ಇದು ಏಳನೇ ದಿನ ಬೆಳಿಗ್ಗೆಯೇ ಗೊತ್ತಾಗುವ ವಿಷಯ, ಹತ್ತನೇ ದಿನದವರೆಗೆ ಕಾಯಬೇಕಿಲ್ಲ ಅಲ್ವಾ? ಗೊತ್ತಿಲ್ಲದಿರುವುದು ಯಾವ ಮೂರು ಎನ್ನುವುದು ಮಾತ್ರ. ಅದನ್ನು ನೀವು ಆರಿಸದಿದ್ದರೆ ಅದೃಷ್ಟ ಆರಿಸುತ್ತದೆ, ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಮುಖ್ಯವಾದ ಕಾರ್ಡನ್ನೇ ಉಳಿಸುತ್ತದೆ.

ಬರ್ನ್‌ಡೌನ್ ಚಾರ್ಟ್ (ಬಾಕಿ ಕೆಲಸ ದಿನದಿನಕ್ಕೆ ಇಳಿಯುವುದನ್ನು ತೋರಿಸುವ ಗೆರೆ) ಇದನ್ನು ಹೇಳುವುದಿಲ್ಲವೇ ಎಂದು ಕೇಳುತ್ತೀರಿ. ಒಟ್ಟು ಎಷ್ಟು ಹಿಂದೆ ಇದ್ದೀರಿ ಎಂದು ಹೇಳುತ್ತದೆ. ಯಾವ ಕಾರ್ಡ್, ಯಾವ ಬಾಗಿಲಲ್ಲಿ ಎಂದು ಹೇಳುವುದಿಲ್ಲ. ಮಧ್ಯದಲ್ಲಿ ಯಾರಾದರೂ ಕಾರ್ಡ್ ಸೇರಿಸಿ ತೆಗೆದರೆ ಗೆರೆಯೂ ಜಿಗಿಯುತ್ತದೆ. ನಾನು ಅದನ್ನು ನೋಡುತ್ತೇನೆ, ಆದರೆ ಕೊನೆಯಲ್ಲಿ.

6. ಈಗ ಆರು ಕಾರ್ಡ್‌ಗೂ ತೀರ್ಪು

ಪಾಸ್‌ವರ್ಡ್ ರಿಸೆಟ್: ಸುರಕ್ಷಿತ. ಟೆಸ್ಟಿಂಗ್‌ಗೆ ಬಂದ ಕಾರ್ಡ್‌ಗಳು ಹೆಚ್ಚಾಗಿ ಎರಡು ದಿನದೊಳಗೆ ಮುಗಿದಿವೆ, ಇದು ಇವತ್ತು ಮುಗಿಯಬೇಕು.

ಇನ್‌ವಾಯ್ಸ್ ಪಿಡಿಎಫ್: ರಿಸ್ಕ್ ಇದೆ. ಕಾಲಂ ನೋಡಿ ಸುಮ್ಮನಾಗಬೇಡಿ. ಟೆಸ್ಟ್ ಮಾಡುವವರನ್ನು "ಹಳೇ ಬಗ್ ಸರಿಹೋಗಿದೆಯಾ, ಅದನ್ನೇ ಮೊದಲು ನೋಡ್ತೀರಾ?" ಎಂದು ಕೇಳಿ. ಇನ್ನೊಂದು ಸಲ ವಾಪಸ್ ಹೋಗುವುದಾದರೆ ಇವತ್ತೇ ಹೋಗಲಿ, ಎಂಟನೇ ದಿನ ಸರಿಮಾಡಿ ಒಂಬತ್ತಕ್ಕೆ ಮತ್ತೆ ನೋಡಬಹುದು. ನಾಳೆ ಸಂಜೆ ವಾಪಸ್ ಹೋದರೆ ಕಷ್ಟ.

ಸರ್ಚ್ ಫಿಲ್ಟರ್: ಇದಕ್ಕೆ ಒಂದು ಗಡುವು ಇದೆ, ಅದು ಇವತ್ತು. ಇವತ್ತು ರಿವ್ಯೂ ಮುಗಿದರೆ ನಾಳೆ ಟೆಸ್ಟಿಂಗ್, ಒಂಬತ್ತಕ್ಕೆ ಡನ್. ನಾಳೆ ರಿವ್ಯೂ ಶುರುವಾದರೆ ತಪ್ಪುತ್ತದೆ ಎಂದೇ ಇಟ್ಟುಕೊಳ್ಳಿ. ಒಬ್ಬರ ಹೆಸರು ಹಾಕಿ, ಮಧ್ಯಾಹ್ನದೊಳಗೆ ಎಂದು ಹೇಳಿ.

ಪೇಮೆಂಟ್ ಜೋಡಣೆ: ಇದು ಆಗಲೇ ತಪ್ಪಿದೆ, ಬೋರ್ಡ್ ಇನ್ನೂ ಹೇಳಿಲ್ಲ ಅಷ್ಟೆ. ಟೆಸ್ಟ್ ಅಕೌಂಟ್ ಇವತ್ತೇ ಬಂದರೂ ಕೋಡ್ ಮುಗಿಸಿ, ರಿವ್ಯೂ ದಾಟಿ, ಟೆಸ್ಟ್ ಆಗುವುದಕ್ಕೆ ಮೂರು ದಿನ ಸಾಲುವುದಿಲ್ಲ, ಬಾಗಿಲಲ್ಲಿ ಜಾಗವೂ ಇಲ್ಲ. ಪ್ರಾಡಕ್ಟ್ ಓನರ್‌ಗೆ (ಯಾವ ಕೆಲಸ ಮುಖ್ಯ ಎಂದು ನಿರ್ಧರಿಸುವವರು) ಇವತ್ತೇ ಹೇಳಿ. ಅಕೌಂಟ್ ಇಲ್ಲದೆಯೂ ಮುಗಿಸಬಹುದಾದ ಸಣ್ಣ ತುಂಡು ಇದ್ದರೆ ಅದನ್ನು ಬೇರೆ ಕಾರ್ಡ್ ಮಾಡಿ, ಮುಂದಿನ ಸ್ಪ್ರಿಂಟ್‌ಗೆ.

ರಿಪೋರ್ಟ್ ಎಕ್ಸ್‌ಪೋರ್ಟ್: ಇದು ತಲೆಕೆಡಿಸುವ ಕಾರ್ಡ್. ಒಂದು ದಿನದ ವಯಸ್ಸು, ಆರೋಗ್ಯ ಚೆನ್ನಾಗಿದೆ. ಇದನ್ನೊಂದನ್ನೇ ನೋಡಿದರೆ ಮುಗಿಯುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆದರೆ ಟೆಸ್ಟಿಂಗ್‌ನ ಮೂರು ದಿನವನ್ನು ಪಟ್ಟಿಯ ಮೊದಲ ಮೂರು ಕಾರ್ಡ್ ತುಂಬಿಕೊಂಡಿವೆ. ಹಾಗಾಗಿ ಇದನ್ನು ಮಾಡುತ್ತಿರುವವರೇ ಇವತ್ತು ಇದನ್ನು ಬದಿಗಿಟ್ಟು ಸರ್ಚ್ ಫಿಲ್ಟರ್ ರಿವ್ಯೂ ಮಾಡುವುದು ಒಳ್ಳೆಯದು. ಅವರಿಗೆ ಇಷ್ಟವಾಗುವುದಿಲ್ಲ, ಅರ್ಧ ಬರೆದ ಕೋಡ್ ಬಿಟ್ಟು ಏಳುವುದು ಯಾರಿಗೂ ಇಷ್ಟವಿಲ್ಲ. ಆದರೂ ಕೇಳಿ.

ಪ್ರೊಫೈಲ್ ಫೋಟೋ: ಇದು ರಿಸ್ಕ್ ಅಲ್ಲ, ನೀವು ತೆಗೆದುಕೊಳ್ಳಬೇಕಾದ ತೀರ್ಮಾನ. ಈಗಲೇ ಸ್ಪ್ರಿಂಟ್‌ನಿಂದ ತೆಗೆದರೆ ಯಾರ ಶ್ರಮವೂ ವ್ಯರ್ಥವಾಗುವುದಿಲ್ಲ. "ಚಿಕ್ಕದು, ಅರ್ಧ ದಿನದ ಕೆಲಸ" ಎಂದು ಒಂಬತ್ತನೇ ದಿನ ಶುರು ಮಾಡಿದರೆ ಅದು ಟೆಸ್ಟಿಂಗ್ ಸಾಲಿಗೆ ಬಂದು ಸರ್ಚ್ ಫಿಲ್ಟರ್‌ನ ಜಾಗಕ್ಕೂ ಕೈ ಹಾಕುತ್ತದೆ. ಎಲ್ಲರೂ ಬೆರಳು ತೋರಿಸಿದ ಕಾರ್ಡ್ ಇದು, ತೀರ್ಮಾನಿಸುವುದು ಇದನ್ನೇ ಎಲ್ಲಕ್ಕಿಂತ ಸುಲಭ.

7. ಸ್ಟ್ಯಾಂಡಪ್‌ನಲ್ಲಿ ಕೇಳುವ ಪ್ರಶ್ನೆ ಬದಲಿಸಿ

"ಯಾವಾಗ ಮುಗಿಯುತ್ತೆ?" ಎಂದು ಕೇಳಿದರೆ "ಇವತ್ತು ಸಂಜೆ" ಅನ್ನುವ ಉತ್ತರ ಬರುತ್ತದೆ, ಮೂರು ದಿನವೂ ಅದೇ ಉತ್ತರ. "90 ಶೇಕಡಾ ಆಗಿದೆ" ಅನ್ನುವುದೂ ಅಷ್ಟೇ. ಯಾರೂ ಸುಳ್ಳು ಹೇಳುತ್ತಿಲ್ಲ, ತಾವು ಬರೆಯಬೇಕಾದ ಕೋಡ್ ಅಷ್ಟೇ ಅವರ ಕಣ್ಣ ಮುಂದಿರುತ್ತದೆ, ಆಮೇಲೆ ಕಾಯಬೇಕಾದ ಸಾಲು ಇರುವುದಿಲ್ಲ.

ಬದಲಿಗೆ ಹಳೆಯ ಕಾರ್ಡ್‌ನಿಂದ ಶುರು ಮಾಡಿ ಹೀಗೆ ಕೇಳಿ: "ಇದು ಮುಂದಿನ ಕಾಲಂಗೆ ಹೋಗೋಕೆ ಏನು ಬೇಕು, ಅದು ಯಾರ ಹತ್ರ ಇದೆ?" ಉತ್ತರದಲ್ಲಿ ಒಂದು ವಸ್ತು, ಒಬ್ಬ ವ್ಯಕ್ತಿ ಮತ್ತು ಒಂದು ದಿನ ಸಿಕ್ಕರೆ ಸರಿ. "ನೋಡ್ತಾ ಇದ್ದೀನಿ" ಎಂದು ಬಂದರೆ ಆ ಕಾರ್ಡ್ ಕಾಯುತ್ತಿದೆ ಎಂದು ಬರೆದುಕೊಳ್ಳಿ. ದನಿ ಮಾತ್ರ ವಿಚಾರಣೆಯ ಹಾಗೆ ಇರಬಾರದು. ಹಾಗಾದ ಮರುದಿನದಿಂದಲೇ ಜನ ಬೋರ್ಡ್ ಚೆಂದ ಕಾಣಲಿ ಎಂದು ಕಾರ್ಡ್‌ಗಳನ್ನು ಸುಮ್ನೆ ಮುಂದಕ್ಕೆ ಎಳೆಯಲು ಶುರು ಮಾಡುತ್ತಾರೆ, ಆಮೇಲೆ ನಿಮ್ಮ ಯಾವ ಲೆಕ್ಕವೂ ಕೆಲಸ ಮಾಡುವುದಿಲ್ಲ.

ಎಂಟನೇ ದಿನ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಮಾಡಬೇಕಿಲ್ಲ. ಎರಡೇ ನೋಡಿ: ನಿನ್ನೆ ಬಾಗಿಲಿಂದ ಒಂದು ಕಾರ್ಡ್ ಆಚೆ ಹೋಯಿತೇ, ಸರ್ಚ್ ಫಿಲ್ಟರ್ ಟೆಸ್ಟಿಂಗ್‌ಗೆ ಬಂತೇ. ಎರಡಕ್ಕೂ ಹೌದು ಅಂದರೆ ಪಟ್ಟಿ ಹಾಗೇ ಇರಲಿ. ಒಂದಕ್ಕೆ ಇಲ್ಲ ಅಂದರೂ ಉಳಿಯುವ ಕಾರ್ಡ್ ಮೂರಲ್ಲ, ನಾಲ್ಕು, ಮತ್ತು ಅದನ್ನು ಪ್ರಾಡಕ್ಟ್ ಓನರ್‌ಗೆ ಅವತ್ತೇ ಹೇಳಿ.